ಸಣ್ಣತಾಯಮ್ಮನ ಹೆಸರಿಗೆ ಬಂದ ವಂದನೆ ಕಾರ್ಡು

ಸಣ್ಣತಾಯಮ್ಮನ ಹೆಬ್ಬೆಟ್ಟಿನಲ್ಲಿ ಗೆರೆಯೇ ಇಲ್ಲ. ರೇಷನ್ ಅಂಗಡಿಯ ಮೆಷಿನ್ನು ಅವಳ ಬೆರಳು ಕಂಡರೆ ಕೆಂಪು ದೀಪ ಹತ್ತಿಸಿಬಿಡುತ್ತದೆ. ಒರೆಸಿ ಇಡು ಅನ್ನುತ್ತಾನೆ ಅಂಗಡಿಯವನು, ಒರೆಸಿ ಇಡುತ್ತಾಳೆ. ಎಣ್ಣೆ ಹಚ್ಚಿ ಇಡು ಅನ್ನುತ್ತಾನೆ, ತಲೆಗೆ ತಿಕ್ಕಿ ಇಡುತ್ತಾಳೆ. ಏನು ಮಾಡಿದರೂ ಅದಕ್ಕೆ ಅವಳು ಯಾರೆಂದು ತಿಳಿಯುವುದಿಲ್ಲ. ಕೊನೆಗೆ ಅವಳೇ, "ಮೆಷಿನ್ನಿಗೆ ಗೊತ್ತಿಲ್ದಿದ್ರೆ ಬುಡಪ್ಪ, ನಿಂಗೆ ಗೊತ್ತಲ್ಲ ನಾನ್ಯಾರು ಅಂತ" ಎಂದು ನಗುತ್ತಾಳೆ. ಅವನೂ ನಕ್ಕು ಮೊಬೈಲಿಗೆ ನಂಬರು ತರಿಸಿ ಅಕ್ಕಿ ಅಳೆಯುತ್ತಾನೆ.

ಆ ಗೆರೆಗಳೆಲ್ಲ ಎಲ್ಲಿ ಹೋದವು ಅಂದರೆ, ಕುದಿಯುವ ನೀರಿಗೆ ಹೋದವು. ನರಸೀಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡಿತ್ತು. ಅಲ್ಲಿಗೆ ಹುಡುಗಿಯಾಗಿದ್ದಾಗಿನಿಂದ ಹೋದವಳು ಅವಳು. ಬಿಸಿನೀರಿನ ಬಾಣಲೆಯಲ್ಲಿ ಗೂಡು ತೇಲುತ್ತಿರುತ್ತವೆ, ಕೈ ಅದ್ದಿ ಎಳೆಯ ತುದಿ ಹುಡುಕಬೇಕು. ಕಣ್ಣಿಗೆ ಕಾಣುವಂಥದ್ದಲ್ಲ ಅದು, ಬೆರಳಿಗೇ ಸಿಗಬೇಕು. ಸಂಜೆ ಮನೆಗೆ ಬಂದರೆ ಅವಳ ಕೈಯ ವಾಸನೆಗೆ ನಮ್ಮ ನಾಯಿ ಬಾಲ ಅಲ್ಲಾಡಿಸಿಕೊಂಡು ಹಿಂದೆ ಹಿಂದೆ ಹೋಗುತ್ತಿತ್ತು. ಶೆಡ್ಡು ಮುಚ್ಚಿತು, ನಾಯಿಯೂ ಸತ್ತಿತು. ನಾಯಿಯ ಕಥೆ ಬೇರೆ, ಅದು ಹಾಗಿರಲಿ.

ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನನ್ನ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಈ ಕಡೆ ಮೊಳೆ ಹೊಡೆದರೆ ಆ ಕಡೆ ಅವಳ ಮಣ್ಣು ಉದುರುತ್ತದೆ. ರಕ್ತದ ನೆಂಟಸ್ತಿಕೆ ಏನೂ ಇಲ್ಲ. ಅವಳ ಗಂಡ ಮದುವೆಯಾದ ಹೊಸದರಲ್ಲೇ ಜ್ವರ ಬಂದು ಹೋದ. ಮಕ್ಕಳಿಲ್ಲ. ತವರಿನವರು ಕರೆದರು, ಹೋಗಲಿಲ್ಲ. ಯಾಕೇ ಹೋಗಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ಅಲ್ಲಿ ಅತ್ತಿಗೆ ಅವ್ಳೆ ಕನಕ್ಕ, ಇಲ್ಲಿ ಗ್ವಾಡೆ ಅದೆ. ಗ್ವಾಡೆನೇ ವಾಸಿ" ಅಂದಿದ್ದಳು.

ನನ್ನ ಮಗ ಪುಟ್ಟಬಸವಯ್ಯನಿಗೆ ಒಬ್ಬಳೇ ಮಗಳು, ಸಂಘಮಿತ್ರಾ. ಅವಳು ಇನ್ನೂ ಅಂಬೆಗಾಲಿಡುವಾಗ ನನ್ನ ಸೊಸೆ ತೀರಿಕೊಂಡಳು. ನನಗೆ ಆಗಲೇ ಮಂಡಿ ಹಿಡಿದುಕೊಂಡಿತ್ತು, ಮಗುವಿನ ಹಿಂದೆ ಓಡಲಾರೆ. ಮಗ ಬಸ್ಸಿನಲ್ಲಿ ಕಂಡಕ್ಟರು, ಊರೂರು ಸುತ್ತುವವನು. ಆಗ ಸಣ್ಣತಾಯಮ್ಮ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಬಂದಳು, ಕೂಸನ್ನು ಸೊಂಟಕ್ಕೆ ಏರಿಸಿದಳು, ಹೋದಳು. ಶೆಡ್ಡಿಗೆ ಹೋಗುವ ಮೊದಲು ನನ್ನ ಮಡಿಲಿಗೆ ಹಾಕಿ, ಬಂದ ತಕ್ಷಣ ಎತ್ತಿಕೊಳ್ಳುತ್ತಿದ್ದಳು. ಮಗು ಅವಳನ್ನು ಸಣ್ಣವ್ವ ಅಂತ ಕರೆಯಿತು. ಹೇನು ಹೆಕ್ಕಿದವಳು ಅವಳು, ಸ್ಕೂಲಿಗೆ ಬಿಟ್ಟವಳು ಅವಳು, ಹುಡುಗಿ ನರ್ಸಿಂಗ್ ಓದಲು ಮೈಸೂರಿಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಅತ್ತು ಬೈಸಿಕೊಂಡವಳೂ ಅವಳೇ. ಇಷ್ಟಕ್ಕೆಲ್ಲ ನಾವು ಯಾರೂ ಒಂದು ದಿನವೂ ಅವಳಿಗೆ "ನಿನ್ನಿಂದ ಉಪಕಾರವಾಯಿತು" ಅಂದವರಲ್ಲ. ಅನ್ನಬೇಕು ಅಂತಲೂ ತೋಚಲಿಲ್ಲ. ಬಲಗೈ ಎಡಗೈಯನ್ನು ತೊಳೆಯುತ್ತದೆ, ಎಡಗೈ ಏನಾದರೂ ಹೇಳುತ್ತದೆಯೇ?

ಸಂಘಮಿತ್ರಾಳಿಗೆ ತಗಡೂರಿನ ಹುಡುಗ ಗೊತ್ತಾದ. ಕೃಷ್ಣಕುಮಾರ್ ಅಂತ, ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ. ಒಳ್ಳೆಯ ಹುಡುಗ, ಊಟಕ್ಕೆ ಕೂತರೆ ಎಲೆಯಲ್ಲಿ ಒಂದಗುಳು ಬಿಡುವುದಿಲ್ಲ. ನಮ್ಮದು ಬೌದ್ಧ ಪದ್ಧತಿ. ನರಸೀಪುರದ ಸಮುದಾಯ ಭವನದಲ್ಲಿ ಭಂತೇಜಿ ಬಂದು ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿಸಿ ಮದುವೆ ಮಾಡಿಸಿದರು. ಮದುವೆಯ ಕರೆಯೋಲೆಯಲ್ಲಿ "ನಿಮ್ಮ ಆಗಮನ ಬಯಸುವವರು" ಅನ್ನುವ ಜಾಗದಲ್ಲಿ ನನ್ನ ಹೆಸರು, ನನ್ನ ಕೆಳಗೇ ಸಣ್ಣತಾಯಮ್ಮನ ಹೆಸರು. ಸಂಘಮಿತ್ರಾ ಹಟ ಹಿಡಿದು ಹಾಕಿಸಿದ್ದು ಅದು. ಅಚ್ಚಿನಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಕರೆಯೋಲೆ ಹಿಡಿದುಕೊಂಡು ಊರೆಲ್ಲ ಅವಳೇ ಕರೆದು ಬಂದಳು. ಮದುವೆಯ ದಿನ ವೇದಿಕೆಗೆ ಬಾರೇ ಅಂದರೆ ಬರಲಿಲ್ಲ. ನಮ್ಮಲ್ಲಿ ಗಂಡ ಸತ್ತವಳು ಅಂತ ಹಿಂದೆ ನಿಲ್ಲಿಸುವ ರೂಢಿಯಿಲ್ಲ, ಆದರೂ ಬರಲಿಲ್ಲ. "ಪಂಕ್ತಿಗೆ ಸಾರು ಸಾಕಾಯ್ತದೋ ಇಲ್ವೋ, ನೀ ಓಗು" ಅಂದು ನನ್ನನ್ನೇ ಗದರಿದಳು. ಬಂದವರೆಲ್ಲ ಉಂಡ ಮೇಲೆ ಉಂಡಳು.

ಮದುವೆ ಮುಗಿಯಿತು. ನನ್ನ ಕಣ್ಣು ತೋರಿಸಲೆಂದು ನಂಜನಗೂಡಿಗೆ ಮೊಮ್ಮಗಳ ಮನೆಗೆ ಹೋಗಿದ್ದೆ. ಅದೇ ಸಂಜೆ ಗಂಡ ಹೆಂಡತಿ ಇಬ್ಬರೂ, "ಬಾ ಅಜ್ಜಿ, ಒಂದು ಕೆಲಸ ಅದೆ" ಎಂದು ಶಿವಮೂರ್ತಿಯ ಅಂಗಡಿಗೆ ಕರೆದುಕೊಂಡು ಹೋದರು. ಕರೆಯೋಲೆ, ಬ್ಯಾನರು, ತಿಥಿಯ ಕಾರ್ಡು ಎಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಮೈಸೂರಿನಲ್ಲಿ ಅಚ್ಚು ಹಾಕಿಸಿಕೊಡುವವನು ಅವನು. ಈಗ ಇವರಿಗೆ ಬೇಕಿದ್ದದ್ದು ಮದುವೆಗೆ ಬಂದವರಿಗೆಲ್ಲ ಕೊಡುವ ವಂದನೆ ಕಾರ್ಡು.

"ಎಲೆ ಅಡಿಕೆ ಕೊಟ್ಟು ಕಳ್ಸಿದ್ಮೇಲೆ ಮುಗೀತಲ್ಲಪ್ಪ, ಇನ್ನೇನು ವಂದನೆ?" ಅಂದೆ ನಾನು.

"ಈಗ ಎಲ್ಲಾರೂ ಕೊಡ್ತಾರೆ ಅಜ್ಜಿ. ನಮ್ಮ ಫ್ಯಾಕ್ಟ್ರಿಲಿ ಮದುವೆ ಆದೋರೆಲ್ಲ ಕೊಟ್ಟವ್ರೆ. ಚೆಂದ ಇರ್ತದೆ" ಅಂದ ಕೃಷ್ಣಕುಮಾರ.

ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಶಿವಮೂರ್ತಿ ಪರದೆಯ ಮೇಲೆ ಇಬ್ಬರ ಫೋಟೋ ತಂದು ಮೇಲೆ ಕೂರಿಸಿದ. ಬಿಳಿ ಸೀರೆಯಲ್ಲಿ ನನ್ನ ಮೊಮ್ಮಗಳು ಪಾರಿವಾಳದ ಹಾಗೆ ಕಂಡಳು. ಫೋಟೋದ ಕೆಳಗೆ ಬರಹ, ಅದರ ಕೆಳಗೆ ಇಬ್ಬರ ಹೆಸರು, ಮದುವೆಯ ತಾರೀಖು. ಕೃಷ್ಣಕುಮಾರ ಒಂದು ಪುಟದಷ್ಟು ಬರೆದು ತಂದಿದ್ದ. ಶಿವಮೂರ್ತಿ ಅದನ್ನು ಓದಿ ತಲೆ ಕೆರೆದುಕೊಂಡ.

"ಸಾ, ಇದು ಭಾಷಣ ಆಯ್ತು. ಕೈಯಗಲದ ಕಾರ್ಡಿದು. ಇಷ್ಟು ತುರುಕಿದ್ರೆ ಅಕ್ಷರ ಇರುವೆ ಆಯ್ತವೆ, ಅಜ್ಜಿಗಳು ಓದೋದೆಂಗೆ?"

"ನಾನು ಇರುವೆನೂ ಓದಲ್ಲ ಆನೆನೂ ಓದಲ್ಲ ಕಣಪ್ಪ" ಅಂದೆ. ನಕ್ಕರು.

ಕೊಯ್ದು ಕೊಯ್ದು ಕೊನೆಗೆ ಉಳಿದದ್ದು ಇಷ್ಟು: "ನಮ್ಮ ಮದುವೆಗೆ ಬಿಡುವು ಮಾಡಿಕೊಂಡು ಬಂದು, ನಮ್ಮೊಡನೆ ಉಂಡು, ಹರಸಿ ಹೋದ ನಿಮಗೆ ನಮ್ಮ ತುಂಬುಹೃದಯದ ವಂದನೆಗಳು. ನಿಮ್ಮ ಪ್ರೀತಿ ಸದಾ ಹೀಗೇ ಇರಲಿ." ಸಾಲುಗಳನ್ನೆಲ್ಲ ನಡುವಿಗೆ ತಂದ. ಅಂಚಿಗೆ ಸುತ್ತ ಜಾಗ ಬಿಟ್ಟ, ಇಲ್ಲದಿದ್ದರೆ ಕತ್ತರಿಸುವಾಗ ಅಕ್ಷರ ಹೋಗುತ್ತದಂತೆ. ಬರಹದ ಮೇಲ್ಗಡೆ ಚುಕ್ಕಿ ಚುಕ್ಕಿಯ ಒಂದು ಗೆರೆ ಎಳೆದ. ಅಲ್ಲಿ ಬಂದವರ ಹೆಸರನ್ನು ಪೆನ್ನಿನಲ್ಲಿ ಬರೆಯುವುದು. ಹೊಳಪಿನ ಕಾಗದ ಬೇಡ, ಇಂಕು ಹಿಡಿಯುವುದಿಲ್ಲ, ಒರೆಸಿಹೋಗುತ್ತದೆ ಎಂದು ಮಂಕು ಬಣ್ಣದ ದಪ್ಪ ಕಾಗದ ತೋರಿಸಿದ. ಚುಕ್ಕಿ ಗೆರೆಯ ಮುಂದೆ "ಮತ್ತು ಕುಟುಂಬದವರಿಗೆ" ಅನ್ನುವುದನ್ನು ಅಚ್ಚಿನಲ್ಲೇ ಸೇರಿಸಿದ.

"ಎಲ್ಲಾ ಮನೆಮಂದಿ ಸಮೇತನೇ ಬಂದಿರ್ತಾರೆ ಸಾ. ಅದ್ನ ನಾವೇ ಹಾಕಿದ್ರೆ ನಿಮ್ಗೆ ಬರೆಯೋ ಕೈನೋವು ತಪ್ತದೆ."

ಒಳ್ಳೆಯದಕ್ಕೇ ಹೇಳಿದ. ಎಲ್ಲರೂ ತಲೆದೂಗಿದೆವು. ಮಾದರಿಯನ್ನು ಕೃಷ್ಣಕುಮಾರನ ಮೊಬೈಲಿಗೆ ಕಳಿಸಿದ, ಇವನು ಮನೆಗೆ ಬಂದು ಅಕ್ಷರ ಅಕ್ಷರ ನೋಡಿ ಸರಿ ಅಂದ. ಕಾರ್ಡುಗಳು ಅಚ್ಚಾಗಿ ಬಂದವು.

ಹೆಸರು ಬರೆಯಲು ಕೂತವನು ಕೃಷ್ಣಕುಮಾರನೇ. ಅವನ ಅಕ್ಷರ ದುಂಡಗೆ, ಹುರಿಗಡಲೆ ಜೋಡಿಸಿದ ಹಾಗೆ. ಮೊದಲನೆಯ ಕಾರ್ಡು ಕೈಗೆತ್ತಿಕೊಂಡು, ಯಾರ ಹೆಸರು ಮೊದಲು ಬರೆಯಲಿ ಅಂತ ಯೋಚಿಸಿದನಂತೆ. ಸಂಘಮಿತ್ರಾ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಹೆಂಡತಿ ನಿತ್ಯ ಜಪಿಸುವ ಹೆಸರು ಒಂದೇ. ಹಾಗಾಗಿ ಎಲ್ಲರಿಗಿಂತ ಮೊದಲು ಸಣ್ಣತಾಯಮ್ಮನ ಹೆಸರು ಬರೆದ. ಕಾರ್ಡು ಕೊಳಕಾಗದಿರಲಿ ಅಂತ ಬೇರೆಯಾಗಿ ಒಂದು ಕವರಿಗೆ ಹಾಕಿ ಇಟ್ಟ. ಪ್ರೀತಿಗೆ ಇಟ್ಟ. ಅವನನ್ನು ಬೈಯಲು ಹೋದರೆ ನನ್ನ ಬಾಯಿಗೇ ಮಾತು ಬರುವುದಿಲ್ಲ.

ಒಂದು ಭಾನುವಾರ ಇಬ್ಬರೂ ಊರಿಗೆ ಬಂದು ಮನೆಮನೆಗೆ ಕಾರ್ಡು ಹಂಚಿದರು. ಜನಕ್ಕೂ ಖುಷಿ. ಹಿಂದಿನ ಬೀದಿಯ ಚಲುವಯ್ಯನಂತೂ ಅದನ್ನು ಟಿವಿಯ ಮೇಲೆ ಒರಗಿಸಿ ಇಟ್ಟ. "ನಮ್ಗೆ ಇಷ್ಟು ಮರ್ಯಾದೆ ಯಾರು ಕೊಟ್ಟಿದ್ರು" ಅಂದ. ಕೊನೆಗೆ ನಮ್ಮ ಬೀದಿಗೆ ಬಂದರು. ಸಂಘಮಿತ್ರಾ ಬಿಸಿಲಿಗೆ ಸುಸ್ತಾಗಿ ನೀರು ಕುಡಿಯಲು ಒಳಗೆ ಹೋದಳು. ನಾನು ಜಗಲಿಯ ಮೇಲೆ ಕೂತಿದ್ದೆ. ಸಣ್ಣತಾಯಮ್ಮ ತನ್ನ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು, ಅಳಿಯ ಬಂದಿದ್ದಾನೆ ಸಾರಿಗೆ ಬೇಕು ಅಂತ. ನಮ್ಮ ಮನೆಯ ಸಾರಿಗೆ.

ಕೃಷ್ಣಕುಮಾರ ಹೋಗಿ ಎರಡು ಕೈಯಲ್ಲೂ ಹಿಡಿದು ಕಾರ್ಡು ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಫೋಟೋ ನೋಡಿ, "ಆಹಾ, ನನ್ ಮಗಿಗೆ ದೃಷ್ಟಿ ತೆಗೀಬೇಕು" ಅಂದಳು. "ಏನ್ ಬರೆದದೆ ಓದಪ್ಪ, ಕೇಳ್ತೀನಿ."

ಅವನು ಸ್ಕೂಲಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದ. "ಶ್ರೀಮತಿ ಸಣ್ಣತಾಯಮ್ಮ ಮತ್ತು ಕುಟುಂಬದವರಿಗೆ. ನಮ್ಮ ಮದುವೆಗೆ ಬಿಡುವು ಮಾಡಿಕೊಂಡು ಬಂದು, ನಮ್ಮೊಡನೆ ಉಂಡು, ಹರಸಿ ಹೋದ ನಿಮಗೆ..."

ಫೋಟೋ ಸವರುತ್ತಿದ್ದ ಅವಳ ಬೆರಳು ನಿಂತಿತು.

"ಇನ್ನೊಂದ್ಸಾರಿ ಓದಪ್ಪ."

ಇನ್ನೊಂದು ಸಲ ಓದಿದ, ಇನ್ನೂ ಖುಷಿಯಲ್ಲಿ.

"ಕುಟುಂಬದವ್ರು ಅಂದ್ರೆ ಯಾರಪ್ಪ?"

ಅವನಿಗೆ ಅರ್ಥವಾಗಲಿಲ್ಲ. "ಅದು... ಎಲ್ಲಾರ್ಗೂ ಅಂಗೇ ಪ್ರಿಂಟ್ ಮಾಡ್ಸಿದ್ದೀವಿ ಅಜ್ಜಿ."

"ಎಲ್ಲಾರ್ಗೂನಾ?"

"ಮದುವೆಗೆ ಬಂದೋರ್ಗೆಲ್ಲ."

"ಓ" ಅಂದಳು. "ನಾನೂ ಬಂದಿದ್ನಲ್ಲ, ಸರಿ ಬುಡು."

ನಾನು ಕೂತಲ್ಲೇ ಕರಗಿಹೋದೆ. ಏಳಬೇಕು, ಏನಾದರೂ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಸಂಘಮಿತ್ರಾ ಹೊರಗೆ ಬಂದಳು. ಸಣ್ಣವ್ವನ ಕೈಯಲ್ಲಿ ಕಾರ್ಡು ಕಂಡಳು, ಗಂಡನ ಮುಖ ನೋಡಿದಳು.

"ಸಣ್ಣವ್ವಂಗ್ಯಾಕೆ ಕೊಟ್ರಿ?"

"ಮೊದಲ್ನೇ ಕಾರ್ಡೇ ಅವರದು" ಅಂದ ಪಾಪ, ಹೊಗಳುತ್ತಾಳೆ ಅಂತ ಕಾದು.

"ಸಣ್ಣವ್ವ, ಕೊಡು ಇಲ್ಲಿ, ಅದು ನಿಂದಲ್ಲ" ಎಂದು ಮೊಮ್ಮಗಳು ಕೈ ಚಾಚಿದಳು. ಅದು ಇನ್ನೂ ಕೆಟ್ಟದಾಯಿತು. ಸಣ್ಣತಾಯಮ್ಮ ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡಳು. "ಕೊಟ್ಟದ್ನ ಕಿತ್ಕೊಬಾರ್ದು ಕನವ್ವ. ನನ್ನೆಸ್ರು ಬರೆದದೆ ಅಂತಲ್ಲ, ಇರ್ಲಿ." ಸಿಟ್ಟಿಲ್ಲ. ಸಿಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು, ಅವಳು ಸಿಟ್ಟಾದರೆ ನಮ್ಮ ಗೋಡೆಗೆ ಬೆನ್ನು ಹಾಕಿ ಮಲಗುತ್ತಾಳೆ, ಬೆಳಿಗ್ಗೆಗೆ ಸರಿಹೋಗುತ್ತಾಳೆ. ಇದು ಹಾಗಲ್ಲ. ಅವರೆಕಾಳಿನ ಮೊರವನ್ನು ನಮ್ಮ ಜಗಲಿಗೆ ತಂದಿಟ್ಟು, "ಬಿಡ್ಸಿವ್ನಿ ಅಕ್ಕ" ಅಂದು ಹೋದಳು. ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಅಂದಳು.

ಪುಟ್ಟಬಸವಯ್ಯ ಸಂಜೆ ಬಂದು ವಿಷಯ ಕೇಳಿ, "ಒಂದು ತುಂಡು ಕಾಗದಕ್ಕೆ ಇಷ್ಟೆಲ್ಲಾನಾ? ನಾನೋಗಿ ಹೇಳ್ತೀನಿ ತಡಿ" ಅಂದು ಎದ್ದ. ಅವಳ ಬಾಗಿಲ ತನಕ ಹೋದ. ಅಲ್ಲಿ ನಿಂತು ಅಂಗಿಯ ಗುಂಡಿ ಹಾಕಿದ, ತೆಗೆದ. "ಸಣ್ಣತಾಯಕ್ಕ, ಮಳೆ ಬರೋ ಅಂಗದೆ" ಅಂದು ವಾಪಸು ಬಂದ. ಏನಂತ ಹೇಳುವುದು? ನೀನು ಬಂದುಹೋಗುವ ನೆಂಟರ ಪೈಕಿ ಅಲ್ಲ ಅನ್ನಬೇಕೆ? ನಿನಗೆ ವಂದನೆ ಇಲ್ಲ ಅನ್ನಬೇಕೆ? ಯಾವುದನ್ನು ಬಾಯಲ್ಲಿ ಹೇಳಿದರೂ ಅದು ಹೇಳದೆ ಇದ್ದದ್ದಕ್ಕಿಂತ ಕಡಿಮೆಯೇ.

ಸಂಘಮಿತ್ರಾ ನಂಜನಗೂಡಿಗೆ ಹೋದವಳೇ ಮತ್ತೆ ಶಿವಮೂರ್ತಿಯ ಅಂಗಡಿಗೆ ಓಡಿದಳು. ನನ್ನನ್ನೂ ಕರೆಸಿಕೊಂಡಳು. ಸಣ್ಣವ್ವನಿಗೆಂದೇ ಬೇರೆ ಒಂದು ಕಾರ್ಡು ಬೇಕು ಅಂದಳು. ಒಂದೇ ಒಂದಕ್ಕೆ ಮೈಸೂರಿನ ದೊಡ್ಡ ಮೆಷಿನ್ನು ಬೇಡ, ಡಿಜಿಟಲ್‌ನಲ್ಲಿ ಇಲ್ಲೇ ತೆಗೆದುಕೊಡುತ್ತೇನೆ ಎಂದು ಶಿವಮೂರ್ತಿ ಹಳೆಯ ಕಾರ್ಡನ್ನೇ ಪರದೆಗೆ ತಂದ. ಮೊದಲು ಚುಕ್ಕಿ ಗೆರೆಯನ್ನೂ ಅದರ ಮುಂದಿನದನ್ನೂ ಅಳಿಸಿಸಿದಳು. "ಬಿಡುವು ಮಾಡಿಕೊಂಡು ಬಂದು" ಅಳಿಸಿ ಅಂದಳು. "ಹರಸಿ ಹೋದ" ಅಳಿಸಿ ಅಂದಳು. ಎಲ್ಲಿಗೆ ಹೋದಳು ಸಣ್ಣವ್ವ? "ವಂದನೆಗಳು" ಅನ್ನುವುದನ್ನೂ ಅಳಿಸಿ ಅಂದಳು. ಅವನು ಅಳಿಸಿದ. ಫೋಟೋ ಉಳಿಯಿತು, ಕೆಳಗೆ ಬರೀ ಬಿಳಿ.

"ಈಗ ಏನ್ ಹಾಕ್ಲಿ ಮೇಡಂ?"

ಮೊಮ್ಮಗಳು ಪರದೆ ನೋಡಿದಳು. ನನ್ನ ಕಡೆ ನೋಡಿದಳು. ನಾನು ಮಾತಿನ ಮಲ್ಲಿ, ಇಡೀ ಬಸ್ಸಿಗೆ ಸಾಕಾಗುವಷ್ಟು ಮಾತಾಡುತ್ತೇನೆ. ಆ ಬಿಳಿಯ ಮೇಲೆ ಹಾಕಲು ಒಂದು ಅಕ್ಷರವೂ ಹೊಳೆಯಲಿಲ್ಲ.

"ಫೋಟೋನಾದ್ರೂ ಅವ್ರದ್ದು ಹಾಕಣ, ನಿಮ್ಮಿಬ್ರ ಜೊತೆ ನಿಂತಿರೋದು" ಅಂದ ಶಿವಮೂರ್ತಿ. ಮೊಬೈಲಿನಲ್ಲಿ ಮದುವೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದಳು. ವೇದಿಕೆಯ ಮೇಲೆ ಸಾಲುಗಟ್ಟಿ ನಿಂತು ತೆಗೆಸಿಕೊಂಡ ಊರವರು, ಫ್ಯಾಕ್ಟರಿಯವರು, ಆಸ್ಪತ್ರೆಯವರು, ಎಲ್ಲರೂ ಇದ್ದರು. ಸಣ್ಣತಾಯಮ್ಮ ಇರಲಿಲ್ಲ. ಒಂದು ಊಟದ ಫೋಟೋದ ಮೂಲೆಯಲ್ಲಿ ಸಾರಿನ ಬಕೆಟ್ಟು ಹಿಡಿದ ಒಂದು ಕೈ ಇತ್ತು. ಬಳೆ ನೋಡಿ ಅವಳದೇ ಅಂದೆ ನಾನು. ದೊಡ್ಡದು ಮಾಡಿದರೆ ಮಸುಕು ಮಸುಕು.

ಕೊನೆಗೆ ಜೊತೆಗೆ ಬಂದಿದ್ದ ಕೃಷ್ಣಕುಮಾರನೇ ದಾರಿ ಹುಡುಕಿದ. ಕರೆಯೋಲೆಯಲ್ಲಿ ಕರೆದವರ ಸಾಲಿನಲ್ಲಿ ಇದ್ದವಳು ವಂದನೆ ಹೇಳುವವರ ಸಾಲಿನಲ್ಲಿ ಇರಬೇಕಲ್ಲ ಅಂದ. ಹಳೆಯ ಬರಹವನ್ನೇ ಇಟ್ಟು, ಕೆಳಗೆ "ಸಂಘಮಿತ್ರಾ, ಕೃಷ್ಣಕುಮಾರ್" ಅನ್ನುವುದರ ಜೊತೆಗೆ "ಮತ್ತು ಸಣ್ಣತಾಯಮ್ಮ" ಅಂತ ಸೇರಿಸಬೇಕು. ಜಾಗ ಸಾಲಲಿಲ್ಲ. ಶಿವಮೂರ್ತಿ ಫೋಟೋವನ್ನು ಸ್ವಲ್ಪ ಕಿರಿದು ಮಾಡಿ, ಸಾಲುಗಳನ್ನು ಮೇಲಕ್ಕೆ ಸರಿಸಿ ಹೆಸರು ಕೂರಿಸಿದ. ಮೂರೂ ಹೆಸರು ಒಂದೇ ಅಳತೆ. ಚೆನ್ನಾಗಿ ಕಂಡಿತು. ಮೊಮ್ಮಗಳು ಆ ದಿನ ಮೊದಲ ಸಲ ಮೂಗು ಒರೆಸಿಕೊಂಡು ನಕ್ಕಳು. ನನಗೂ ಎದೆ ಹಗುರಾಯಿತು, ಬರುವ ದಾರಿಯಲ್ಲಿ ರಸಬಾಳೆ ಕೊಂಡೆವು.

ಮೂವರೂ ಸೇರಿ ಊರಿಗೆ ಬಂದು ನೇರವಾಗಿ ಅವಳ ಮನೆಗೆ ಹೋದೆವು. ಸಂಘಮಿತ್ರಾ ಹೊಸ ಕಾರ್ಡು ಬಿಚ್ಚಿ, ಅವಳ ಬೆರಳನ್ನೇ ಹಿಡಿದು ಹೆಸರಿನ ಮೇಲೆ ಇಟ್ಟಳು. "ನೋಡು ಸಣ್ಣವ್ವ, ಇಲ್ಲೇ ಅದೆ ನಿನ್ನೆಸ್ರು. ನಮ್ ಜೊತೆ. ನೀನು ಕೊಡೋಳು, ಈಸ್ಕೊಳೋಳಲ್ಲ."

ಸಣ್ಣತಾಯಮ್ಮ ಕಾರ್ಡನ್ನು ಬೆಳಕಿಗೆ ಹಿಡಿದಳು. ಆ ಗೆರೆಯಿಲ್ಲದ ಬೆರಳಿನಿಂದ ಅಕ್ಷರಗಳನ್ನು ಸವರಿದಳು.

"ಚೆನ್ನಾಗದೆ" ಅಂದಳು. "ಇದ್ನ ಯಾರ್ಗೆ ಕೊಡ್ಲವ್ವ ನಾನು?"

ಸಂಘಮಿತ್ರಾ ರಸಬಾಳೆಯ ಚೀಲವನ್ನು ನೆಲಕ್ಕಿಟ್ಟಳು.

"ಊರ್ಗೆಲ್ಲ ಕೊಟ್ಟಾಗದಲ್ಲ. ಚಲುವಯ್ಯ ಟಿವಿ ಮೇಲೆ ಇಟ್ಟವ್ನೆ, ನೋಡ್ದೆ. ಅದ್ರಲ್ಲಿ ನಿಮ್ಮಿಬ್ರದೇ ಅದೆ."

"ಎಲ್ಲಾ ವಾಪಸ್ ಇಸ್ಕೊಂಡು ಹೊಸ್ದಾಗಿ ಮಾಡಿಸ್ತೀನಿ" ಅಂದ ಕೃಷ್ಣಕುಮಾರ.

"ಬ್ಯಾಡಿ ಬ್ಯಾಡಿ, ಕೊಟ್ಟ ಮರ್ಯಾದೆ ಕಿತ್ಕೊಂಡ್ರೆ ಊರವ್ರು ಏನಂದಾರು? ನೀವು ಚಿಕ್ಕೋರು, ಪ್ರೀತಿಗೆ ಮಾಡಿದ್ರಿ. ನಂಗೇನೂ ಬ್ಯಾಸ್ರ ಇಲ್ಲ. ಇಷ್ಟು ವರ್ಷ ನಾನೇ ಯೋಚ್ನೆ ಮಾಡಿರ್ನಿಲ್ಲ, ಅಷ್ಟೇ."

ಏನು ಯೋಚನೆ ಮಾಡಿರಲಿಲ್ಲ ಅಂತ ನಾನು ಕೇಳಲಿಲ್ಲ. ಕೇಳಬೇಕಿರಲಿಲ್ಲ, ತಾನು ಮನೆಯವಳೋ ಬಂದವಳೋ ಅಂತ.

ಅವಳು ಎದ್ದು ಒಳಗೆ ಹೋದಳು. ಒಲೆ ಹಚ್ಚಿದ ಸದ್ದಾಯಿತು. ಕಾಫಿಗೆ ಸಕ್ಕರೆ ಇಲ್ಲದೆ ಹಿತ್ತಲ ಕಡೆಯಿಂದ ಯಾರ ಮನೆಗೋ ಹೋಗಿ ಬಂದಳು. ನಮ್ಮ ಮನೆಗೆ ಹೋಗಲಿಲ್ಲ, ನಮ್ಮ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುವವಳು. ಸಂಘಮಿತ್ರಾ ಎಂದಿನ ಹಾಗೆ ಒಲೆಯ ಹತ್ತಿರ ನೆಲದ ಮೇಲೆ ಕುಕ್ಕರಿಸಲು ಹೋದಳು. ಸಣ್ಣತಾಯಮ್ಮ ತಡೆದಳು. ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಲ್ಲಿ ಒರೆಸಿ, ನಡುಮನೆಯಲ್ಲಿ ಹಾಕಿದಳು.

"ನೆಲ ತಣ್ಣಗದೆ, ಮೇಲೆ ಕೂತ್ಕೊಳಿ" ಅಂದಳು.

ಕೂತ್ಕೊಳಿ! ತಾನು ಹೇನು ಹೆಕ್ಕಿದ ಹುಡುಗಿಗೆ.

ನನ್ನ ಮೊಮ್ಮಗಳು ಆ ಕುರ್ಚಿಯ ತುದಿಯಲ್ಲಿ ಕೂತಳು. ಸಣ್ಣತಾಯಮ್ಮ ಕಾಫಿ ಲೋಟವನ್ನು ತಟ್ಟೆಯಲ್ಲಿಟ್ಟು ತಂದು ಕೊಟ್ಟಳು, ಇವಳು ತೆಗೆದುಕೊಂಡಳು. ಇಳಿದು ನೆಲಕ್ಕೆ ಹೇಗೆ ಬರಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ನನಗೂ ತಿಳಿಯಲಿಲ್ಲ.